ಒಂದು ಮದುವೆಗೆ ಎಷ್ಟು ಎಲೆ? ಸರಾಸರಿಯ ಅಂದಾಜು ಮತ್ತು ಒಂಟಿ ಅಂದಾಜು

ಬಸವನಗುಡಿಯ ಒಂದು ಛತ್ರದಲ್ಲಿ ಮುಂದಿನ ತಿಂಗಳು ಮದುವೆಯಿದೆ ಎಂದುಕೊಳ್ಳಿ. ಹೆಣ್ಣಿನ ಕಡೆಯವರು 400 ಲಗ್ನಪತ್ರಿಕೆ ಹಂಚಿದ್ದಾರೆ. ಅಡುಗೆಯ ಕಂಟ್ರಾಕ್ಟು ಹಿಡಿದವರು ಮುಹೂರ್ತದ ಊಟಕ್ಕೆ ಎಷ್ಟು ಬಾಳೆಲೆ ತರಿಸಬೇಕು? ಕೆ.ಆರ್. ಮಾರುಕಟ್ಟೆಗೆ ಬೆಳಗಿನ ಜಾವ ಆಳು ಕಳಿಸುವ ಮೊದಲು ಅವರಿಗೆ ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಎಂಬುದೂ ಅವರಿಗೆ ತಿಳಿದಿರಬೇಕು. ಇಂದು ನಾನು ಮಾತನಾಡುವುದು ಈ ‘ಎಷ್ಟು ಹೆಚ್ಚುಕಡಿಮೆ’ ಎಂಬುದರ ಬಗ್ಗೆ ಮಾತ್ರ. ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಎರಡು ಬೇರೆ ಬೇರೆ ಉತ್ತರಗಳಿವೆ. ಎರಡರ ಮೇಲೂ ‘ಶೇಕಡಾ 95’ ಎಂಬ ಒಂದೇ ಚೀಟಿ ಅಂಟಿರುತ್ತದೆ. ಒಂದನ್ನು ಕೇಳಿದವರಿಗೆ ಇನ್ನೊಂದನ್ನು ಕೊಡುವ ತಪ್ಪನ್ನು ಕಲಿತವರೂ ಮಾಡುತ್ತಾರೆ. ನಾನೂ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಡಿದ್ದೇನೆ.

ಎಲೆಯ ಉದಾಹರಣೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮದುವೆಗೆ ಎಷ್ಟು ಜನ ಬಂದರು ಎಂದು ಯಾರೂ ಎಣಿಸುವುದಿಲ್ಲ, ಆದರೆ ಎಷ್ಟು ಎಲೆ ಹಾಕಿದರು ಎಂಬುದು ಲೆಕ್ಕದ ಪುಸ್ತಕದಲ್ಲಿ ಇರುತ್ತದೆ, ಏಕೆಂದರೆ ಹಣ ಕೊಡುವುದು ಎಲೆಯ ಲೆಕ್ಕದಲ್ಲಿ. ಹಾಗಾಗಿ ಹಳೆಯ ಮದುವೆಗಳ ಬಗ್ಗೆ ನಮಗೆ ಒಂದು ನಂಬಬಹುದಾದ ಅಂಕಿ ಸಿಗುತ್ತದೆ. ಮುಂದಿನ ಅಂಕಿಗಳನ್ನು ನಾನೇ ಈ ಉಪನ್ಯಾಸಕ್ಕಾಗಿ ಜೋಡಿಸಿಕೊಂಡಿದ್ದೇನೆ. ಮನೆಗೆ ಹೋಗಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವಷ್ಟು ಚಿಕ್ಕದಾಗಿರಲಿ ಎಂಬುದು ಉದ್ದೇಶ. ಹನ್ನೊಂದು ಮದುವೆಗಳು, ಪ್ರತಿಯೊಂದಕ್ಕೂ ಹಂಚಿದ ಪತ್ರಿಕೆ ಮತ್ತು ಹಾಕಿದ ಎಲೆ, R ಎಂಬ ಸಂಖ್ಯಾಶಾಸ್ತ್ರದ ಕಂಪ್ಯೂಟರ್ ಭಾಷೆಯಲ್ಲಿ:

```
patrike <- c(150, 200, 250, 300, 350, 400, 450, 500, 550, 600, 650)
ele     <- c(355, 345, 515, 587, 540, 725, 730, 955, 873, 970, 1105)
m <- lm(ele ~ patrike)
```

ಈ ಬಿಂದುಗಳ ನಡುವೆ ಕನಿಷ್ಠ ವರ್ಗಗಳ ವಿಧಾನದಲ್ಲಿ ಎಳೆದ ಗೆರೆ ಹೀಗೆ ಬರುತ್ತದೆ: ಎಲೆ = 100 + 1.5 × ಪತ್ರಿಕೆ. ಅಂದರೆ 400 ಪತ್ರಿಕೆಗೆ 700 ಎಲೆ. ಆದರೆ ಹನ್ನೊಂದರಲ್ಲಿ ಒಂದು ಮದುವೆಯೂ ಸರಿಯಾಗಿ ಗೆರೆಯ ಮೇಲೆ ಕೂತಿಲ್ಲ. 500 ಪತ್ರಿಕೆಯ ಮದುವೆಗೆ ಗೆರೆ ಹೇಳುವುದಕ್ಕಿಂತ 105 ಎಲೆ ಹೆಚ್ಚಾಗಿದೆ, 350 ಪತ್ರಿಕೆಯ ಮದುವೆಗೆ 85 ಕಡಿಮೆಯಾಗಿದೆ. ಗೆರೆಯಿಂದ ಆಚೀಚೆ ಹೋದ ಈ ಅಂತರಗಳನ್ನು ಶೇಷಗಳು ಎನ್ನುತ್ತೇವೆ. ಅವುಗಳ ವರ್ಗಗಳನ್ನು ಕೂಡಿಸಿ, 11ರಲ್ಲಿ 2 ಕಳೆದ 9ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 60 ಬರುತ್ತದೆ. ಇದನ್ನು s ಎನ್ನೋಣ. ಒಂದು ಮದುವೆ ಗೆರೆಯಿಂದ ಸಾಧಾರಣವಾಗಿ ಎಷ್ಟು ದೂರ ಬೀಳುತ್ತದೆ ಎಂಬುದರ ಅಳತೆ ಇದು. 9ರಿಂದ ಭಾಗಿಸಿದ್ದೇಕೆಂದರೆ ಗೆರೆಯ ಎತ್ತರ ಮತ್ತು ಇಳಿಜಾರು ಎಂಬ ಎರಡು ಸಂಗತಿಗಳನ್ನು ಇದೇ ಅಂಕಿಗಳಿಂದ ಆಗಲೇ ಅಂದಾಜು ಮಾಡಿ ಮುಗಿಸಿದ್ದೇವೆ.

ಈಗ ಎರಡು ಪ್ರಶ್ನೆಗಳನ್ನು ನಿಧಾನವಾಗಿ ಬಿಡಿಸಿ ನೋಡಿ. ಮೊದಲನೆಯದು: 400 ಪತ್ರಿಕೆ ಹಂಚಿದ ಎಲ್ಲ ಮದುವೆಗಳನ್ನೂ ಒಟ್ಟು ಮಾಡಿದರೆ ಸರಾಸರಿ ಎಷ್ಟು ಎಲೆ ಬೇಕಾಗುತ್ತದೆ? ಎರಡನೆಯದು: 400 ಪತ್ರಿಕೆ ಹಂಚಿದ ಈ ಒಂದು ಮದುವೆಗೆ ಎಷ್ಟು ಎಲೆ ಬೇಕಾಗುತ್ತದೆ? ಎರಡಕ್ಕೂ ನಮ್ಮ ಅತ್ಯುತ್ತಮ ಅಂದಾಜು 700 ಎಂಬ ಒಂದೇ ಸಂಖ್ಯೆ. ಗೊಂದಲದ ಬೇರು ಇರುವುದು ಇಲ್ಲಿಯೇ. ಅಂದಾಜು ಒಂದೇ ಆದರೂ ಅದರ ಸುತ್ತಲಿನ ಅನಿಶ್ಚಿತತೆ ಒಂದೇ ಅಲ್ಲ. ಮೊದಲ ಪ್ರಶ್ನೆಯಲ್ಲಿ ನಮಗೆ ತಿಳಿಯದಿರುವುದು ಗೆರೆ ನಿಜವಾಗಿ ಎಲ್ಲಿದೆ ಎಂಬುದು ಮಾತ್ರ. ಬೇರೆ ಹನ್ನೊಂದು ಮದುವೆಗಳ ಲೆಕ್ಕ ಸಿಕ್ಕಿದ್ದರೆ ಗೆರೆ ಸ್ವಲ್ಪ ಮೇಲೋ ಕೆಳಗೋ ಬರುತ್ತಿತ್ತು. ಎರಡನೆಯ ಪ್ರಶ್ನೆಯಲ್ಲಿ ಈ ಅಜ್ಞಾನವೂ ಇದೆ, ಅದರ ಜೊತೆಗೆ ಈ ಮದುವೆ ಗೆರೆಯಿಂದ ಎಷ್ಟು ಆಚೀಚೆ ಬೀಳುತ್ತದೆ ಎಂಬ ಇನ್ನೊಂದು ಅಜ್ಞಾನವೂ ಸೇರಿಕೊಂಡಿದೆ. ಬೀಗರ ಕಡೆಯಿಂದ ಎರಡು ಬಸ್ಸು ಬರುತ್ತವೋ ಒಂದೇ ಬರುತ್ತದೋ, ಅದೇ ದಿನ ನೆಂಟರಲ್ಲೇ ಇನ್ನೊಂದು ಮದುವೆಯಿದೆಯೋ ಎಂಬುದನ್ನು ಪತ್ರಿಕೆಯ ಸಂಖ್ಯೆ ಹೇಳುವುದಿಲ್ಲ.

ಮೊದಲ ಪ್ರಶ್ನೆಯ ಉತ್ತರಕ್ಕೆ ಕಾನ್ಫಿಡೆನ್ಸ್ ಇಂಟರ್ವಲ್ ಎಂದೂ ಎರಡನೆಯದಕ್ಕೆ ಪ್ರಿಡಿಕ್ಷನ್ ಇಂಟರ್ವಲ್ ಎಂದೂ ಹೆಸರು. ನಾನು ಇವನ್ನು ವಿಶ್ವಾಸ ವ್ಯಾಪ್ತಿ, ಮುನ್ನಂದಾಜು ವ್ಯಾಪ್ತಿ ಎಂದು ಕರೆಯುತ್ತೇನೆ. ಸೂತ್ರಗಳನ್ನು ಒಂದರ ಕೆಳಗೆ ಒಂದು ಬರೆದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ:

```
ವಿಶ್ವಾಸ ವ್ಯಾಪ್ತಿ     :  ŷ ± t · s · √(     1/n + (x₀ − x̄)²/Sxx )
ಮುನ್ನಂದಾಜು ವ್ಯಾಪ್ತಿ  :  ŷ ± t · s · √( 1 + 1/n + (x₀ − x̄)²/Sxx )
```

ವ್ಯತ್ಯಾಸವೆಲ್ಲ ವರ್ಗಮೂಲದೊಳಗಿನ ಆ ಒಂದು ‘1’ರಲ್ಲಿದೆ. ಹೊಸ ಮದುವೆ ತನ್ನದೇ ಆದ ಏರುಪೇರನ್ನು ಹೊತ್ತು ತರುತ್ತದೆ ಎಂಬುದನ್ನು ಆ ಒಂದಂಕಿ ಹೇಳುತ್ತಿದೆ. ಉಳಿದದ್ದು ಎರಡರಲ್ಲೂ ಸಮಾನ. ŷ ಎಂದರೆ ಗೆರೆ ಕೊಡುವ ಅಂದಾಜು, x₀ ಎಂದರೆ ನಾವು ಅಂದಾಜು ಮಾಡುತ್ತಿರುವ ಮದುವೆಯ ಪತ್ರಿಕೆಗಳ ಸಂಖ್ಯೆ, n ಎಂದರೆ ಮದುವೆಗಳ ಸಂಖ್ಯೆ, x̄ ಎಂದರೆ ಪತ್ರಿಕೆಗಳ ಸರಾಸರಿ, ನಮ್ಮಲ್ಲಿ ಅದು ಸರಿಯಾಗಿ 400. Sxx ಎಂದರೆ ಪತ್ರಿಕೆಗಳು ಆ ಸರಾಸರಿಯಿಂದ ಎಷ್ಟು ಹರಡಿಕೊಂಡಿವೆ ಎಂಬುದರ ವರ್ಗಗಳ ಮೊತ್ತ, ನಮ್ಮಲ್ಲಿ 2,75,000. t ಎಂಬುದು s ಅನ್ನೂ ಚಿಕ್ಕ ಮಾದರಿಯಿಂದಲೇ ಅಂದಾಜು ಮಾಡಿದ್ದಕ್ಕೆ ನಾವು ತೆರುವ ದಂಡ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ವಿಲಿಯಂ ಗಾಸೆಟ್ ಪ್ರಕಟಿಸಿದ ಲೆಕ್ಕದಿಂದ ಬೆಳೆದದ್ದು ಇದು. ಮದುವೆ ಊಟದ ಮಾತಿನ ನಡುವೆ ಬಿಯರ್ ತಂದದ್ದಕ್ಕೆ ಹಿರಿಯರು ಕ್ಷಮಿಸಬೇಕು. ನಮ್ಮ 9ಕ್ಕೆ ಹೊಂದುವ t ಬೆಲೆ 2.262.

400 ಪತ್ರಿಕೆಗೆ ಲೆಕ್ಕ ಹಾಕೋಣ. x₀ ಸರಾಸರಿಯ ಮೇಲೆಯೇ ಇರುವುದರಿಂದ ಕೊನೆಯ ಪದ ಸೊನ್ನೆ. ವಿಶ್ವಾಸ ವ್ಯಾಪ್ತಿಗೆ 60ನ್ನು 11ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 18, ಅದನ್ನು 2.262ರಿಂದ ಗುಣಿಸಿದರೆ 41. ಹಾಗಾಗಿ ಸರಾಸರಿ 659ರಿಂದ 741ರ ನಡುವೆ. ಮುನ್ನಂದಾಜು ವ್ಯಾಪ್ತಿಗೆ 60ನ್ನು 1 + 1/11ರ ವರ್ಗಮೂಲದಿಂದ ಗುಣಿಸಬೇಕು, ಸುಮಾರು 62.6. ಅದನ್ನು 2.262ರಿಂದ ಗುಣಿಸಿದರೆ 141.5. ಹಾಗಾಗಿ ಈ ಮದುವೆಗೆ 558ರಿಂದ 842 ಎಲೆ. R ಭಾಷೆಯಲ್ಲಿ ಎರಡಕ್ಕೂ ಒಂದೇ ಆದೇಶ, ಒಂದು ಪದ ಮಾತ್ರ ಬೇರೆ:

```
predict(m, data.frame(patrike = 400), interval = "confidence")
predict(m, data.frame(patrike = 400), interval = "prediction")
```

ಮೊದಲ ಸಾಲಿನ ಉತ್ತರವನ್ನು ಹಿಡಿದು ಅಡುಗೆಯವರಿಗೆ ‘ಶೇಕಡಾ 95 ಖಾತ್ರಿಯಿಂದ ಹೇಳುತ್ತೇನೆ, 741ಕ್ಕಿಂತ ಹೆಚ್ಚು ಎಲೆ ಬೇಕಾಗುವುದಿಲ್ಲ’ ಎಂದರೆ ಏನಾಗುತ್ತದೆ? ಗೆರೆಯ ಆಚೀಚೆ 41 ಎಂದರೆ s ಎಂಬ ಅಳತೆಯ ಮೂರರಲ್ಲಿ ಎರಡು ಪಾಲು. ನಮ್ಮ ಗೆರೆ ಸರಿಯಾಗಿ ನಿಜವಾದ ಗೆರೆಯ ಮೇಲೆಯೇ ಬಿದ್ದಿದೆ ಎಂದು ಉದಾರವಾಗಿ ಒಪ್ಪಿದರೂ ಅಷ್ಟು ಅಗಲದೊಳಗೆ ಸುಮಾರು ಅರ್ಧದಷ್ಟು ಮದುವೆಗಳು ಮಾತ್ರ ಬೀಳುತ್ತವೆ. ಉಳಿದ ಅರ್ಧದಲ್ಲಿ ಅರ್ಧ, ಅಂದರೆ ನಾಲ್ಕರಲ್ಲಿ ಒಂದು ಮದುವೆಯಲ್ಲಿ, ಕೊನೆಯ ಪಂಕ್ತಿಗೆ ಎಲೆ ಸಾಲುವುದಿಲ್ಲ. ಅಡುಗೆಯವರು ಕೇಳಿಸಿಕೊಂಡದ್ದು ‘ನೂರು ಮದುವೆಯಲ್ಲಿ ತೊಂಬತ್ತೈದು’ ಎಂದು; ನಾವು ಹೇಳಿದ್ದು ಸರಾಸರಿಯ ಬಗ್ಗೆ. ನಾವು ಸುಳ್ಳು ಹೇಳಿಲ್ಲ, ಆದರೆ ಅವರ ಪ್ರಶ್ನೆಗೆ ಉತ್ತರವನ್ನೂ ಕೊಟ್ಟಿಲ್ಲ.

ಇನ್ನೂ ವಿಚಿತ್ರವಾದ ಸಂಗತಿಯೊಂದಿದೆ. ಅಂಕಿಗಳು ಹೆಚ್ಚಿದಷ್ಟೂ ಈ ತಪ್ಪು ಕಡಿಮೆಯಾಗುವುದಿಲ್ಲ, ಬೆಳೆಯುತ್ತದೆ. ಅದೇ ಕಂಟ್ರಾಕ್ಟರರ ಬಳಿ ಹನ್ನೊಂದರ ಬದಲು 1,100 ಮದುವೆಗಳ ಲೆಕ್ಕವಿದೆ, s ಮಾತ್ರ 60ರಲ್ಲೇ ಇದೆ ಎಂದುಕೊಳ್ಳಿ. ಆಗ 400 ಪತ್ರಿಕೆಯ ಬಳಿ ವಿಶ್ವಾಸ ವ್ಯಾಪ್ತಿ 700ರ ಆಚೀಚೆ ಬರೀ 4 ಎಲೆಗೆ ಇಳಿಯುತ್ತದೆ. ಗೆರೆ ಎಲ್ಲಿದೆ ಎಂಬುದು ಹೆಚ್ಚುಕಡಿಮೆ ಖಚಿತವಾಗಿ ತಿಳಿದುಹೋಗಿದೆ. ಆದರೆ 696ರಿಂದ 704ರ ಆ ಸಂದಿಯೊಳಗೆ ನಿಜವಾಗಿ ಬೀಳುವ ಮದುವೆಗಳು ನೂರರಲ್ಲಿ ಐದು ಮಾತ್ರ. ‘95’ ಎಂದು ಬರೆದ ವ್ಯಾಪ್ತಿಯೊಳಗೆ ಐದು! ಮುನ್ನಂದಾಜು ವ್ಯಾಪ್ತಿಯಾದರೋ 582ರಿಂದ 818ಕ್ಕೆ ಬಂದು ನಿಲ್ಲುತ್ತದೆ. ಇನ್ನು ಲಕ್ಷ ಮದುವೆಗಳ ಲೆಕ್ಕ ತಂದರೂ ಅದು ಇದಕ್ಕಿಂತ ಕಿರಿದಾಗುವುದಿಲ್ಲ. ಅದನ್ನು ಕಿರಿದು ಮಾಡಬೇಕಾದರೆ ಮದುವೆಗಳ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ, ಪ್ರತಿ ಮದುವೆಯ ಬಗ್ಗೆ ಹೆಚ್ಚು ತಿಳಿದುಕೊಳ್ಳಬೇಕು: ಪತ್ರಿಕೆಗಳಲ್ಲಿ ಊರಿನೊಳಗೆ ಹಂಚಿದ್ದೆಷ್ಟು, ಹೊರಊರಿಗೆ ಕಳಿಸಿದ್ದೆಷ್ಟು, ಮುಹೂರ್ತ ಭಾನುವಾರವೋ ಕೆಲಸದ ದಿನವೋ. ಅಂಥ ಮಾಹಿತಿ s ಎಂಬ ಅಳತೆಯನ್ನೇ ಕುಗ್ಗಿಸುತ್ತದೆ.

ನಿಮ್ಮಲ್ಲಿ ಹಲವರು ಈ ಎರಡನ್ನು ಚಿತ್ರದಲ್ಲಿ ನೋಡಿರುತ್ತೀರಿ, ಗೊತ್ತಿಲ್ಲದೆ. R ಭಾಷೆಯ `geom_smooth(method = "lm")` ಗೆರೆಯ ಸುತ್ತ ಬೂದು ಪಟ್ಟಿಯೊಂದನ್ನು ತಾನಾಗಿಯೇ ಬಳಿಯುತ್ತದೆ. ಅದು ವಿಶ್ವಾಸ ವ್ಯಾಪ್ತಿ. ಪೈಥಾನಿನ seaborn ತೋರಿಸುವ ಪಟ್ಟಿಯೂ ಅದೇ. ಸಭೆಯಲ್ಲಿ ಆ ಚಿತ್ರ ತೋರಿಸಿದ ಕೂಡಲೇ ನೋಡುವವರು ‘ಮುಂದಿನ ಬಿಂದು ಈ ಬೂದು ಪಟ್ಟಿಯೊಳಗೆ ಬೀಳುತ್ತದೆ’ ಎಂದು ಓದಿಕೊಳ್ಳುತ್ತಾರೆ. ಹಾಗಲ್ಲ ಎಂದು ತಿಳಿಯಲು ಸುಲಭದ ಉಪಾಯವಿದೆ: ಹಳೆಯ ಬಿಂದುಗಳನ್ನೇ ನೋಡಿ. ನಮ್ಮ ಹನ್ನೊಂದು ಮದುವೆಗಳಲ್ಲಿ 350, 450, 500 ಪತ್ರಿಕೆಯ ಮೂರು ಮದುವೆಗಳು ಆ ಪಟ್ಟಿಯಿಂದ ಹೊರಗೇ ಇವೆ. ಗೆರೆಯನ್ನು ಎಳೆಯಲು ಬಳಸಿದ ಮದುವೆಗಳೇ ಒಳಗೆ ನಿಲ್ಲದಿದ್ದರೆ ಹೊಸದು ನಿಲ್ಲುತ್ತದೆಂದು ನಂಬುವುದಾದರೂ ಹೇಗೆ? ಪೈಥಾನಿನ statsmodels ಬಳಸುವವರು `get_prediction(...).summary_frame()` ಕರೆದರೆ ಎರಡೂ ವ್ಯಾಪ್ತಿಗಳು ಪಕ್ಕಪಕ್ಕದಲ್ಲಿ ಬರುತ್ತವೆ. `mean_ci` ಎಂದು ಆರಂಭವಾಗುವ ಕಾಲಂಗಳು ಸರಾಸರಿಗೆ, `obs_ci` ಎಂಬುವು ಒಂಟಿ ಮದುವೆಗೆ. ಎರಡರಲ್ಲೂ ‘ci’ ಇರುವುದು ನನ್ನ ಮಟ್ಟಿಗೆ ದುರದೃಷ್ಟದ ಹೆಸರಿಡುವಿಕೆ.

ಸೂತ್ರದ ಕೊನೆಯ ಪದವನ್ನು ಈವರೆಗೆ ಪಕ್ಕಕ್ಕಿಟ್ಟಿದ್ದೆವು. 600 ಪತ್ರಿಕೆಯ ಮದುವೆ ಬಂದರೆ ಅದು ಎಚ್ಚೆತ್ತುಕೊಳ್ಳುತ್ತದೆ. ಗೆರೆಯ ಇಳಿಜಾರು ಸ್ವಲ್ಪ ತಪ್ಪಿದ್ದರೂ ನಡುವಿನಿಂದ ದೂರ ಹೋದಷ್ಟೂ ಆ ತಪ್ಪು ದೊಡ್ಡದಾಗುತ್ತದೆ. ತಕ್ಕಡಿಯ ದಂಡ ನಡುವೆ ಅಲುಗುವುದಕ್ಕಿಂತ ತುದಿಯಲ್ಲಿ ಹೆಚ್ಚು ಅಲುಗುವ ಹಾಗೆ. 600ರಲ್ಲಿ ಅಂದಾಜು 1,000 ಎಲೆ. ವಿಶ್ವಾಸ ವ್ಯಾಪ್ತಿಯ ಅರ್ಧ ಅಗಲ 41ರಿಂದ 66ಕ್ಕೆ ಏರುತ್ತದೆ, ಮುನ್ನಂದಾಜು ವ್ಯಾಪ್ತಿಯದ್ದು 141.5ರಿಂದ 151ಕ್ಕೆ ಮಾತ್ರ. ಎರಡನೆಯದರಲ್ಲಿ ಆ ‘1’ ದೊಡ್ಡಣ್ಣನಂತೆ ಕುಳಿತಿರುವುದರಿಂದ ಉಳಿದ ಪದಗಳ ಏರಿಳಿತ ಅಷ್ಟಾಗಿ ಕಾಣುವುದಿಲ್ಲ. ಇನ್ನು 1,200 ಪತ್ರಿಕೆಯ ದೊಡ್ಡ ಮದುವೆಗೆ ಇದೇ ಸೂತ್ರ ಹಾಕಿದರೆ 1,650ರಿಂದ 2,150 ಎಂದು ಅದು ನಿಶ್ಚಿಂತೆಯಿಂದ ಹೇಳಿಬಿಡುತ್ತದೆ. ಆದರೆ 650 ಪತ್ರಿಕೆಯಾಚೆಗೆ ನಾವು ಒಂದು ಮದುವೆಯನ್ನೂ ನೋಡಿಲ್ಲ. ಗೆರೆ ಅಲ್ಲಿಯೂ ನೇರವಾಗಿಯೇ ಹೋಗುತ್ತದೆಯೇ, ಬಾಗುತ್ತದೆಯೇ ಎಂಬ ಸಂದೇಹ ಈ ಎರಡು ವ್ಯಾಪ್ತಿಗಳಲ್ಲಿ ಯಾವುದರಲ್ಲಿಯೂ ಸೇರಿಲ್ಲ.

ಇಲ್ಲಿಂದ ಮುಂದಿನದು ಪಾಠಗಳಲ್ಲಿ ಬೇಗ ದಾಟಿ ಹೋಗುವ ಭಾಗ, ಆದ್ದರಿಂದ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಶೇಷಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯನ್ನು ಅನುಸರಿಸುತ್ತವೆ ಎಂದು ಎರಡೂ ಸೂತ್ರಗಳು ಊಹಿಸುತ್ತವೆ. ವಿಶ್ವಾಸ ವ್ಯಾಪ್ತಿಗೆ ಈ ಊಹೆ ತಪ್ಪಾದರೂ, ಮಾದರಿ ಸಾಕಷ್ಟು ದೊಡ್ಡದಿದ್ದರೆ, ಹೆಚ್ಚು ತೊಂದರೆಯಿಲ್ಲ. ಸರಾಸರಿ ತೆಗೆಯುವಾಗ ಒಂದೊಂದು ಮದುವೆಯ ವಿಚಿತ್ರ ಗುಣ ಕರಗಿಹೋಗುತ್ತದೆ. ಮುನ್ನಂದಾಜು ವ್ಯಾಪ್ತಿಗೆ ಆ ಸೌಲಭ್ಯವಿಲ್ಲ. ಅದು ಮಾತಾಡುತ್ತಿರುವುದು ಒಂದೇ ಮದುವೆಯ ಬಗ್ಗೆ, ಒಂದನ್ನು ಸರಾಸರಿ ತೆಗೆದು ಕರಗಿಸಲು ಬರುವುದಿಲ್ಲ. ಮದುವೆಗೆ ಜನ ಕಡಿಮೆ ಬಂದರೂ ಒಂದು ಮಿತಿಯೊಳಗೆ ಕಡಿಮೆಯಾಗುತ್ತಾರೆ, ಹೆಚ್ಚು ಬಂದರೆ ಮಾತ್ರ ಮಿತಿಯಿಲ್ಲದೆ ಬರುತ್ತಾರೆ ಎಂಬಂಥ ಓರೆ ಇದ್ದರೆ, 700ರ ಎರಡೂ ಬದಿಗೆ ಸಮನಾಗಿ 141.5 ಹಾಕುವ ನಮ್ಮ ಸೂತ್ರ ಮೇಲಿನ ಬದಿಯಲ್ಲಿ ಸುಳ್ಳಾಗುತ್ತದೆ.

ಎರಡನೆಯ ಊಹೆ ಇನ್ನೂ ಬೇಗ ಮುರಿಯುತ್ತದೆ. ಏರುಪೇರು ಎಲ್ಲ ಕಡೆ ಒಂದೇ, ಅಂದರೆ 150 ಪತ್ರಿಕೆಯ ಮದುವೆಯೂ 650 ಪತ್ರಿಕೆಯ ಮದುವೆಯೂ ಗೆರೆಯಿಂದ ಸಮನಾಗಿ ಸುಮಾರು 60 ಎಲೆ ಅಲುಗುತ್ತವೆ ಎಂದು ಸೂತ್ರ ನಂಬಿದೆ. ಛತ್ರದ ಅನುಭವ ಇರುವ ಯಾರನ್ನಾದರೂ ಕೇಳಿ, ದೊಡ್ಡ ಮದುವೆಯ ಅಂದಾಜು ಹೆಚ್ಚು ತಪ್ಪುತ್ತದೆ ಎನ್ನುತ್ತಾರೆ. ಹಾಗಿದ್ದರೆ ನಮ್ಮ ವ್ಯಾಪ್ತಿ ಚಿಕ್ಕ ಮದುವೆಗಳಿಗೆ ಬೇಕಾದ್ದಕ್ಕಿಂತ ಅಗಲ, ದೊಡ್ಡವುಗಳಿಗೆ ಕಿರಿದು. ಒಟ್ಟಾರೆ ಎಣಿಸಿದರೆ ನೂರರಲ್ಲಿ ತೊಂಬತ್ತೈದು ಒಳಗೇ ಇದ್ದಂತೆ ಕಾಣಬಹುದು, ಆದರೆ ಹೊರಬಿದ್ದ ಐದೂ ದೊಡ್ಡ ಮದುವೆಗಳೇ ಆಗಿರುತ್ತವೆ. ಶೇಷಗಳನ್ನು ಪತ್ರಿಕೆಯ ಸಂಖ್ಯೆಗೆ ಎದುರಾಗಿ ಚುಕ್ಕಿಯಿಟ್ಟು ನೋಡಿದಾಗ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತಿದ್ದರೆ ಇದೇ ರೋಗ. ಎಲೆ ಮತ್ತು ಪತ್ರಿಕೆ ಎರಡರ ಲಾಗರಿತಮ್ ತೆಗೆದುಕೊಂಡು ಗೆರೆ ಎಳೆಯುವುದು ಒಂದು ಮದ್ದು. ಆಗ ವ್ಯಾಪ್ತಿ ‘ಇಷ್ಟು ಎಲೆ ಹೆಚ್ಚುಕಡಿಮೆ’ ಎಂಬ ಬದಲು ‘ಶೇಕಡಾ ಇಷ್ಟು ಹೆಚ್ಚುಕಡಿಮೆ’ ಎಂಬ ರೂಪಕ್ಕೆ ಬರುತ್ತದೆ. ನಮ್ಮ ಹನ್ನೊಂದು ಚುಕ್ಕಿಗಳಲ್ಲಿ ಬೀಸಣಿಗೆ ಕಾಣುವುದಿಲ್ಲ, ಆದರೆ ಹನ್ನೊಂದರಲ್ಲಿ ಕಾಣದಿರುವುದು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಪರೀಕ್ಷೆಯ ನೇರ ದಾರಿಯೆಂದರೆ ಮುಂದಿನ ಮದುವೆಗಳಿಗೆ ವ್ಯಾಪ್ತಿಯನ್ನು ಮೊದಲೇ ಬರೆದಿಟ್ಟು, ಊಟವಾದ ಮೇಲೆ ಎಲೆಯ ಲೆಕ್ಕ ಪಕ್ಕದಲ್ಲಿ ಬರೆಯುವುದು. ಇಪ್ಪತ್ತು ಮದುವೆಗಳಲ್ಲಿ ಒಂದು ಹೊರಗೆ ಬಿದ್ದರೆ ಸಹಜ. ಐದು ಬಿದ್ದರೆ ಸೂತ್ರದ ಊಹೆಗಳನ್ನು ಮತ್ತೆ ನೋಡಬೇಕು. ಎಷ್ಟು ಬಿದ್ದವು ಎಂಬುದರ ಜೊತೆ ಯಾವ ಬದಿಗೆ, ಯಾವ ಗಾತ್ರದವು ಬಿದ್ದವು ಎಂಬುದನ್ನೂ ಗುರುತಿಸಬೇಕು.

ಅಡುಗೆಯವರ ಬಳಿಗೆ ಮರಳೋಣ. 558ರಿಂದ 842 ಎಂದು ಹೇಳಿದರೆ ಅವರು ಸರಿಯಾಗಿಯೇ ಕೇಳುತ್ತಾರೆ: ‘ಸ್ವಾಮಿ, ನಾನು ತರಿಸಬೇಕಾದ್ದು ಎಷ್ಟು?’ ಅವರಿಗೆ ಕೆಳಗಿನ ಅಂಚು ಬೇಕಿಲ್ಲ. ಎಲೆ ಉಳಿದರೆ ನಷ್ಟ ಅಲ್ಪ, ಸಾಲದಿದ್ದರೆ ಮಾನ ಹೋಗುತ್ತದೆ. ಆದ್ದರಿಂದ ಎರಡು ಬದಿಯ ವ್ಯಾಪ್ತಿಯನ್ನು ಬಿಟ್ಟು ಮೇಲಿನ ಒಂದೇ ಬದಿಯ ಮಿತಿ ಕೊಡಬೇಕು. ಇಪ್ಪತ್ತರಲ್ಲಿ ಒಂದು ಮದುವೆಯಲ್ಲಿ ಮಾತ್ರ ಕೊರತೆಯಾಗಲಿ ಎಂದರೆ t ಬೆಲೆ 1.833, ಮಿತಿ ಸುಮಾರು 815 ಎಲೆ. ಹೋಳಿಗೆಗೆ ಇದೇ ಲೆಕ್ಕ ಸಲ್ಲದು. ಅದು ಉಳಿದರೆ ಎಲೆಯಷ್ಟು ಅಗ್ಗವಲ್ಲ. ಹತ್ತರಲ್ಲಿ ಒಮ್ಮೆ ಕೊರತೆಯಾದರೂ ತಾಳಿಕೊಳ್ಳುತ್ತೇವೆ ಎನ್ನುವವರು 787 ಜನರ ಲೆಕ್ಕಕ್ಕೆ ಮಾಡಿಸಬಹುದು. ಅನ್ನದ ವಿಷಯದಲ್ಲಂತೂ ಮೊದಲ ಪಂಕ್ತಿ ಕೂತ ಮೇಲೆ ಇನ್ನೊಂದು ಹಂಡೆ ಇಡಲು ಸಮಯವಿರುವುದರಿಂದ ಅವರಿಗೆ ನಮ್ಮ ಸಹಾಯವೇ ಬೇಕಿಲ್ಲ.

ಕೊನೆಯದಾಗಿ, ಒಂದು ಮದುವೆ ಮತ್ತು ಎಲ್ಲ ಮದುವೆಗಳ ಸರಾಸರಿ ಎಂಬ ಎರಡು ತುದಿಗಳ ನಡುವೆಯೂ ಒಂದು ಜಾಗವಿದೆ. ಲಗ್ನದ ತಿಂಗಳಲ್ಲಿ ಒಬ್ಬರೇ ಒಂಬತ್ತು ಮದುವೆ ಹಿಡಿದಿದ್ದಾರೆ, ಎಲ್ಲವೂ 400 ಪತ್ರಿಕೆಯವು, ಎಲೆ ಸರಬರಾಜಿನವರ ಜೊತೆ ಒಟ್ಟಿಗೆ ಮಾತಾಡಿಕೊಳ್ಳಬೇಕು. ಆಗ ವರ್ಗಮೂಲದೊಳಗಿನ ‘1’ರ ಜಾಗದಲ್ಲಿ 1/9 ಬರೆಯಬೇಕು. ಒಂದು ಮದುವೆಯ ಸರಾಸರಿಗೆ ಹೆಚ್ಚುಕಡಿಮೆ 61, ಒಂಬತ್ತಕ್ಕೆ ಒಟ್ಟು 6,300ರ ಆಚೀಚೆ ಸುಮಾರು 550 ಎಲೆ. ಒಂದೊಂದಕ್ಕೂ 141.5 ಎಂದು ಸೇರಿಸಿಕೊಂಡು ಹೋಗಿದ್ದರೆ 1,270 ದಾಟುತ್ತಿತ್ತು; ಒಂದು ಮದುವೆಯ ಹೆಚ್ಚಳ ಇನ್ನೊಂದರ ಕೊರತೆಯಲ್ಲಿ ಸರಿಹೋಗುವುದರಿಂದ ಅಷ್ಟು ಬೇಕಾಗುವುದಿಲ್ಲ.

ಆದರೆ ಹಾಗೆ ಸರಿಹೋಗಬೇಕಾದರೆ ಆ ಒಂಬತ್ತು ಮದುವೆಗಳು ಒಂದರ ಹಂಗಿಲ್ಲದೆ ಇನ್ನೊಂದು ನಡೆಯಬೇಕು. ಒಂಬತ್ತರಲ್ಲಿ ನಾಲ್ಕು ಒಂದೇ ಭಾನುವಾರ ಮಲ್ಲೇಶ್ವರದಿಂದ ಜಯನಗರದವರೆಗಿನ ನಾಲ್ಕು ಛತ್ರಗಳಲ್ಲಿದ್ದು, ಬೆಳಿಗ್ಗೆಯಿಂದ ಮಳೆ ಹೊಡೆದರೆ ಅಥವಾ ಹಿಂದಿನ ರಾತ್ರಿ ಬಂದ್ ಘೋಷಣೆಯಾದರೆ ನಾಲ್ಕರಲ್ಲೂ ಒಟ್ಟಿಗೆ ಎಲೆ ಉಳಿಯುತ್ತದೆ. ಯಾವುದೂ ಯಾವುದನ್ನೂ ಸರಿದೂಗಿಸುವುದಿಲ್ಲ. ಆಗ 550 ಎಂಬುದು ಕಿರಿದು, ನಿಜವಾದ ವ್ಯಾಪ್ತಿ 550 ಮತ್ತು 1,270ರ ನಡುವೆ ಎಲ್ಲೋ ಇರುತ್ತದೆ. ಎಲ್ಲಿ ಎಂದು ತಿಳಿಯಲು ಹಳೆಯ ಪುಸ್ತಕದಲ್ಲಿ ಶೇಷಗಳ ಪಕ್ಕ ದಿನಾಂಕವನ್ನೂ ಬರೆದುಕೊಂಡು, ಒಂದೇ ದಿನದ ಮದುವೆಗಳ ಶೇಷಗಳು ಒಂದೇ ಚಿಹ್ನೆಯವಾಗಿವೆಯೇ ಎಂದು ಮೊದಲು ನೋಡಿ.